ಪ್ಲೇಟ್ಲೆಟ್ ಮುಂದಿನ ‘L’: ಲ್ಯಾಬ್‌ನವರು ಎಲ್ಲಿತನಕ ಹೇಳಬಹುದು

ಮಳೆಗಾಲದ ಜ್ವರ ಶುರುವಾದರೆ ಕಲಬುರಗಿಯ ಲ್ಯಾಬ್‌ಗಳ ವಾಟ್ಸಾಪ್‌ಗೆ ರಿಪೋರ್ಟಿನ ಫೋಟೊ ಬರತೊಡಗುತ್ತವೆ. ಜೊತೆಗೊಂದು ಸಾಲು: ‘ಸರ, ಪ್ಲೇಟ್ಲೆಟ್ ಕಡಿಮಿ ಬಂದದ, ಡೆಂಗಿ ಏನ್ರಿ?’

ಅಂಕಿಯ ಪಕ್ಕದ 1.5–4.5 ಲಕ್ಷ ಎಂಬ ರೇಂಜ್ ಹೇಗೆ ಬಂತು ಎನ್ನುವುದನ್ನು ಮೊದಲು ತಿಳಿಸಬೇಕು. ಆರೋಗ್ಯವಂತರ ಗುಂಪಿನಲ್ಲಿ ನಡುವಿನ ಶೇ. 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರುತ್ತದೋ ಅದನ್ನೇ ಸಾಮಾನ್ಯವಾಗಿ ರೇಂಜ್ ಎಂದು ಹಾಕುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ಇಪ್ಪತ್ತು ಜನರಲ್ಲಿ ಒಬ್ಬರು ಗೆರೆಯ ಆಚೆಗೇ ಇರುತ್ತಾರೆ. 1.42 ಲಕ್ಷ ಕಂಡರೂ ಕಂಪ್ಯೂಟರ್ ಕಡಿಮೆ ಎಂಬ ಗುರುತಾಗಿ ‘L’ ಹಾಕುತ್ತದೆ, 20 ಸಾವಿರ ಕಂಡರೂ ಅದೇ ‘L’. ಅದಕ್ಕೆ ಗೆರೆ ಗೊತ್ತು, ರೋಗಿ ಗೊತ್ತಿಲ್ಲ.

ಈಗ 62 ಸಾವಿರ ಎಂದು ಬಂದ ರಿಪೋರ್ಟ್ ಒಂದನ್ನು ನೋಡೋಣ. ಮೊದಲು ಕಣ್ಣು ಹಾಯಬೇಕಾದ್ದು ಕೆಳಗಿನ ಷರಾಕ್ಕೆ. ‘Platelet clumps seen’ ಎಂದಿದ್ದರೆ ಆ 62 ಸಾವಿರವನ್ನು ನಂಬುವಂತಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಹಾಕಿರುವ ಇಡಿಟಿಎ ಎಂಬ ರಾಸಾಯನಿಕದಿಂದ ಕೆಲವರ ಪ್ಲೇಟ್ಲೆಟ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಮಷಿನ್ ಆ ಗಂಟನ್ನು ಪ್ಲೇಟ್ಲೆಟ್ ಎಂದು ಎಣಿಸುವುದೇ ಇಲ್ಲ. ರಕ್ತ ತೆಗೆದು ಹೊತ್ತಾದಷ್ಟೂ ಗಂಟು ಹೆಚ್ಚುತ್ತದೆ, ಸುರಪುರದಲ್ಲಿ ತೆಗೆದ ಸ್ಯಾಂಪಲ್ ಬಸ್ಸಿನಲ್ಲಿ ಕಲಬುರಗಿಗೆ ಬರುವಾಗ ಆಗುವುದೂ ಇದೇ. ಸೂಜಿ ಚುಚ್ಚಿದಾಗ ರಕ್ತ ನಿಧಾನಕ್ಕೆ ಬಂದು, ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡದಿದ್ದರೂ ಸಣ್ಣ ಹೆಪ್ಪುಗಟ್ಟಿ ಎಣಿಕೆ ಕೆಡುತ್ತದೆ.

ಪತ್ತೆಗೆ ಸ್ಲೈಡೇ ದಾರಿ. ಸ್ಲೈಡಿನ ಮೇಲೆ ತೆಳುವಾಗಿ ಸವರಿದ ರಕ್ತದ, ಅಂದರೆ ಸ್ಮಿಯರಿನ, ತುದಿಯಲ್ಲಿ ಗಂಟುಗಳು ಗುಂಪುಗುಂಪಾಗಿ ಕಾಣುತ್ತವೆ. ಆಗ ನೀಲಿ ಮುಚ್ಚಳದ ಸೈಟ್ರೇಟ್ ಟ್ಯೂಬಿನಲ್ಲಿ ಹೊಸದಾಗಿ ರಕ್ತ ತೆಗೆದು ತಡಮಾಡದೆ ಎಣಿಸಬೇಕು. ಅದರಲ್ಲಿ 1.9 ಲಕ್ಷ ಬಂದರೆ 1.1ರಿಂದ ಗುಣಿಸಿ: ಸುಮಾರು 2.1 ಲಕ್ಷ. ಟ್ಯೂಬಿನೊಳಗಿನ ದ್ರವದಿಂದ ರಕ್ತ ತೆಳುವಾಗಿರುತ್ತದಲ್ಲ, ಅದಕ್ಕೆ ಈ ಲೆಕ್ಕ. ಕೆಲವರಿಗೆ ಸೈಟ್ರೇಟಿನಲ್ಲೂ ಗಂಟಾಗುತ್ತದೆ, ಹಾಗಾಗಿ ಆ ಸ್ಲೈಡನ್ನೂ ನೋಡಲೇಬೇಕು.

ಲ್ಯಾಬ್‌ನವರ ಮಾತು ಇಲ್ಲಿಗೆ ಮುಗಿಯಬೇಕು. ಗಂಟಿಲ್ಲದೆ ನಿಜವಾಗಿಯೂ 62 ಸಾವಿರವೇ ಇದ್ದರೆ ಅದು ಡೆಂಗಿಯೋ, ಮಲೇರಿಯಾವೋ, ಯಾವುದೋ ಮಾತ್ರೆಯ ಪರಿಣಾಮವೋ, ಅಂಕಿ ಹೇಳುವುದಿಲ್ಲ. ರೇಂಜಿನೊಳಗೆ ಇದ್ದರೂ ಸಮಾಧಾನದ ಮಾತು ಬೇಡ: ಮೊನ್ನೆ 3.4 ಲಕ್ಷ ಇದ್ದು ಇವತ್ತು 1.6 ಆಗಿದ್ದರೆ ‘L’ ಬೀಳುವುದಿಲ್ಲ, ಆದರೂ ಡಾಕ್ಟರಿಗೆ ಅದು ದೊಡ್ಡ ಸುದ್ದಿ. ಜ್ವರದ ಎಷ್ಟನೇ ದಿನ, ರಕ್ತದಲ್ಲಿ ಕೆಂಪುಕಣಗಳ ಪಾಲು ತೋರಿಸುವ ಹಿಮಟೋಕ್ರಿಟ್ ಏರುತ್ತಿದೆಯೇ, ಬಿಪಿ ಎಷ್ಟು ಎಂದು ಜೋಡಿಸಿ ನೋಡುವವರು ಅವರು. ಪ್ಲೇಟ್ಲೆಟ್ ಏರಿಸಬೇಕೇ ಬೇಡವೇ ಎಂಬುದೂ ಅವರದ್ದೇ ತೀರ್ಮಾನ.

ಹಿಂದಿನ ರಿಪೋರ್ಟನ್ನೂ ಜೊತೆಗೆ ಒಯ್ಯಲು ಹೇಳಿ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಜೋರು ಹೊಟ್ಟೆನೋವು, ನಿಲ್ಲದ ವಾಂತಿ ಎಂದು ವಾಟ್ಸಾಪ್‌ನಲ್ಲಿ ಬರೆದಿದ್ದರೆ ರೇಂಜ್ ವಿವರಿಸುತ್ತ ಕೂಡಬೇಡಿ. ‘ಈಗಲೇ ದವಾಖಾನಿಗೆ ಹೋಗ್ರಿ’ ಅಂದರೆ ಸಾಕು.