ನಷ್ಟದ ಅಂಗಡಿಗಳು ಸರಾಸರಿಯಿಂದ ಕಾಣೆಯಾದದ್ದು ಹೇಗೆ

ನಾನು ಡೇಟಾ ತಂಡವೊಂದರಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಗಳ ತಿಂಗಳ ಲಾಭ-ನಷ್ಟದ ಅಂಕಿಗಳಲ್ಲಿ ಕೆಲವು ತೀರಾ ದೊಡ್ಡವು ಇರುತ್ತಿದ್ದವು. ಅವುಗಳ ಪ್ರಭಾವ ತಗ್ಗಿಸಲು ಪ್ರತಿ ಅಂಕಿಯ ಘನಮೂಲ ತೆಗೆದು, ಆಮೇಲೆ ಸರಾಸರಿ ಹಾಕುತ್ತಿದ್ದೆವು. ಒಂದು ತಿಂಗಳು ಅರ್ಧದಷ್ಟು ಅಂಗಡಿಗಳು ನಷ್ಟದಲ್ಲಿದ್ದರೂ ಸರಾಸರಿ ಮಾತ್ರ ಚೆನ್ನಾಗಿಯೇ ಬಂತು. ಅನುಮಾನ ಬಂದು, ಐದು ಸಣ್ಣ ಸಂಖ್ಯೆ ಹಾಕಿ ನೋಡಿದೆ.

```python
import pandas as pd
s = pd.Series([27.0, 8.0, 1.0, -8.0, -64.0])
(s ** (1/3)).mean()   # 2.0
```

ಘನಮೂಲಗಳು 3, 2, 1, -2, -4. ಇವುಗಳ ಸರಾಸರಿ ಸೊನ್ನೆ ಬರಬೇಕು. ಆದರೆ ಋಣ ಸಂಖ್ಯೆಗಳೆರಡೂ `NaN` ಆಗಿದ್ದವು. `mean` ಅವುಗಳನ್ನು ಬಿಟ್ಟು ಉಳಿದ ಮೂರನ್ನು ಮಾತ್ರ ಕೂಡಿ ಭಾಗಿಸಿತ್ತು. ಎಚ್ಚರಿಕೆಯ ಸಂದೇಶವೂ ಬರಲಿಲ್ಲ. ನಷ್ಟದ ಅಂಗಡಿಗಳು ಲೆಕ್ಕದಿಂದಲೇ ಹೊರಗೆ.

ಕೋಡ್ ಬರೆದ ಹುಡುಗ ಪರೀಕ್ಷೆ ಮಾಡಿಯೇ ಬರೆದಿದ್ದ. `-8 ** (1/3)` ಎಂದು ಟೈಪ್ ಮಾಡಿದಾಗ `-2.0` ಬಂದಿತ್ತು, ನಂಬಿದ. ಪೈಥಾನ್ ಅಲ್ಲಿ ಮೊದಲು 8ರ ಘನಮೂಲ ತೆಗೆದು, ಆಮೇಲೆ ಋಣ ಚಿಹ್ನೆ ಹಚ್ಚುತ್ತದೆ. ಆವರಣ ಹಾಕಿ `(-8) ** (1/3)` ಎಂದರೆ ಬರುವುದೇ ಬೇರೆ: ಸುಮಾರು `1+1.732j`, ಒಂದು ಸಂಮಿಶ್ರ ಸಂಖ್ಯೆ.

"ಆದರೆ ಸರ್, -2 ಅನ್ನು ಮೂರು ಸಲ ಗುಣಿಸಿದರೆ -8 ಬರುತ್ತಲ್ಲ? ಕಂಪ್ಯೂಟರ್‌ಗೆ ಅಷ್ಟೂ ಗೊತ್ತಾಗಲ್ವಾ?" ಎಂದ. ಒಳ್ಳೆಯ ಪ್ರಶ್ನೆ. ಬೋರ್ಡಿನ ಮುಂದೆ ನಿಂತೆವು.

1/3 ಮತ್ತು 2/6 ಒಂದೇ ಸಂಖ್ಯೆ. -8ರ ಘನಮೂಲ -2. ಆದರೆ 2/6 ಎಂದು ಓದಿ, ಮೊದಲು ವರ್ಗ ಮಾಡಿ 64 ಪಡೆದು, ಅದರ ಆರನೆಯ ಮೂಲ ತೆಗೆದರೆ +2. ಭಿನ್ನರಾಶಿಯನ್ನು ಸಂಕ್ಷೇಪಿಸಿದ ಮೇಲಷ್ಟೇ ಲೆಕ್ಕ ಎಂದು ನಿಯಮ ಮಾಡಬಹುದು, ಆಗ ಛೇದ ಬೆಸವಾಗಿದ್ದರೆ ಉತ್ತರ ಸಿಗುತ್ತದೆ. ಸರಿ, ಆ ನಿಯಮದಲ್ಲೇ 1/3ರ ಅಕ್ಕಪಕ್ಕ ನೋಡೋಣ. 333/1001ನೇ ಘಾತಕ್ಕೆ ಸುಮಾರು -1.997. 334/1001ಕ್ಕೆ ಅಂಶ ಸಮ, ಹಾಗಾಗಿ ಸುಮಾರು +2.001. ಇವೆರಡರ ನಡುವೆ ಇರುವ 333/1000ಕ್ಕೆ ಋಣ ಸಂಖ್ಯೆಯ ಸಾವಿರದ ಮೂಲ ಬೇಕು, ಅದು ವಾಸ್ತವ ಸಂಖ್ಯೆಗಳಲ್ಲಿ ಇಲ್ಲವೇ ಇಲ್ಲ. ಘಾತಾಂಕ ಕೂದಲೆಳೆಯಷ್ಟು ಸರಿದರೆ ಉತ್ತರ ಕೆಳಗಿನಿಂದ ಮೇಲಕ್ಕೆ ಹಾರುತ್ತದೆ, ಇಲ್ಲವೇ ಮಾಯವಾಗುತ್ತದೆ.

ಘಾತೀಯ ಫಲನಕ್ಕೆ ಆಧಾರ ಸಂಖ್ಯೆ ಧನವಾಗಿರಲೇಬೇಕು ಎನ್ನುವುದು ಇದಕ್ಕೇ. 2ರ ಘಾತ √2 ಎಂದರೆ 1.4, 1.41, 1.414 ಹೀಗೆ ಹತ್ತಿರ ಹೋಗುತ್ತಾ ಸಿಗುವ ಬೆಲೆ. ಆಧಾರ -8 ಆದರೆ ಹತ್ತಿರ ಹೋಗುವ ದಾರಿಯೇ ಇಲ್ಲ, ಪ್ರತಿ ಹೆಜ್ಜೆಗೂ ಚಿಹ್ನೆ ಬದಲಾಗಬಹುದು.

ಆಮೇಲೆ ತೋರಿಸಿದ್ದು ನನಗೆ ಅತ್ಯಂತ ಇಷ್ಟವಾದ ವಿಷಯ.

```python
(1/3).as_integer_ratio()
# (6004799503160661, 18014398509481984)
```

ಕಂಪ್ಯೂಟರಿನೊಳಗೆ 1/3 ಇಲ್ಲ, ಅದರ ತೀರಾ ಹತ್ತಿರದ ಭಿನ್ನರಾಶಿ ಇದೆ. ಆ ಛೇದ 2ರ 54ನೇ ಘಾತ. ಅಲ್ಲಿ ಪೂರ್ಣಾಂಕವಲ್ಲದ ಪ್ರತಿ ಸಂಖ್ಯೆಯ ಛೇದವೂ 2ರ ಯಾವುದೋ ಘಾತವೇ, ಅಂದರೆ ಸದಾ ಸಮ. ಬೆಸ ಛೇದದ ನಿಯಮ ಅಲ್ಲಿ ಒಮ್ಮೆಯೂ ಅನ್ವಯಿಸುವುದಿಲ್ಲ. ನಾವು ಕೇಳಿದ್ದು ಋಣ ಸಂಖ್ಯೆಯ ಸಮ ಮೂಲ. ವಾಸ್ತವ ಉತ್ತರ ಇಲ್ಲ ಎಂದು `NaN` ಕೊಟ್ಟದ್ದು ಸರಿಯೇ.

ಹಾಗಾದರೆ `1+1.732j` ಏನು? ಸಮತಲದಲ್ಲಿ -8 ಎಂದರೆ ಮೂಲಬಿಂದುವಿನಿಂದ 8 ದೂರ, 180 ಡಿಗ್ರಿ ದಿಕ್ಕು. ಘನಮೂಲಕ್ಕೆ ದೂರದ ಘನಮೂಲ 2, ಕೋನದ ಮೂರನೇ ಒಂದು ಭಾಗ 60 ಡಿಗ್ರಿ. ಒಂದು ಸುತ್ತು, ಎರಡು ಸುತ್ತು ಹೆಚ್ಚು ತಿರುಗಿಸಿ ಭಾಗಿಸಿದರೆ 180 ಮತ್ತು 300 ಡಿಗ್ರಿಯಲ್ಲಿ ಇನ್ನೆರಡು ಮೂಲಗಳು. 180 ಡಿಗ್ರಿಯಲ್ಲಿರುವುದೇ ನಮ್ಮ -2. ಮೂರೂ ನಿಜವಾದ ಘನಮೂಲಗಳೇ. ಒಂದನ್ನೇ ಕೊಡಬೇಕಾದಾಗ ಪೈಥಾನ್ 60 ಡಿಗ್ರಿಯದನ್ನು ಆರಿಸುತ್ತದೆ, ಏಕೆಂದರೆ ಅದು ಹೆಚ್ಚುವರಿ ಸುತ್ತು ಸೇರಿಸದೆ 180 ಡಿಗ್ರಿಯನ್ನೇ ಘಾತಾಂಕದಿಂದ ಗುಣಿಸುತ್ತದೆ. ಹಾಗೆ ಮಾಡಿದಾಗ ಘಾತಾಂಕ ಸರಿದಂತೆ ಉತ್ತರವೂ ಜಿಗಿಯದೆ ಸರಿಯುತ್ತದೆ.

ಕೋಡಿನಲ್ಲಿ `** (1/3)` ತೆಗೆದು `np.cbrt(s)` ಹಾಕಿದೆವು. ಅದು ಭಿನ್ನ ಘಾತವಲ್ಲ, ಘನಮೂಲವೇ. ಸರಾಸರಿ ಸೊನ್ನೆಗೆ ಬಂತು.

ಮರುವಾರ ಘಾತಾಂಕ 0.4 ಇಟ್ಟು ನೋಡಬೇಕು ಎಂಬ ಬೇಡಿಕೆ ಬಂತು. ಅದಕ್ಕೆ ಸಿದ್ಧ ಫಂಕ್ಷನ್ ಇಲ್ಲ. `np.sign(s) * np.abs(s) ** 0.4` ಬರೆದೆವು. ಇದು -32ಕ್ಕೆ -4 ಕೊಡುತ್ತದೆ. ಶಾಲೆಯ ಲೆಕ್ಕದಲ್ಲಿ -32ರ ಘಾತ 2/5 ಎಂದರೆ ಐದನೇ ಮೂಲ -2, ಅದರ ವರ್ಗ +4. ನಷ್ಟ ನಷ್ಟವಾಗಿಯೇ ಉಳಿಯಬೇಕೆಂದು ನಾವು -4 ಆರಿಸಿಕೊಂಡೆವು. ಇದು 0.4ನೇ ಘಾತವಲ್ಲ, ನಾವೇ ಮಾಡಿಕೊಂಡ ಬೇರೆ ಫಲನ ಎಂದು ಆ ಸಾಲಿನ ಮೇಲೆ ಆ ಹುಡುಗನೇ ಕಾಮೆಂಟ್ ಬರೆದಿಟ್ಟ.