ಶುಕ್ರವಾರದಿಂದ ಎಣಿಸಬೇಕೋ, ಭಾನುವಾರದಿಂದಲೋ?

"ಅಲ್ಲಮ್ಮಾ, ಸ್ನಾನ ಆಗದೆ ದೇವರ ಮನೆ ಹೊಸಿಲು ದಾಟಲ್ಲ ಅಂತೀಯ. ಹೊರಗಾದಾಗ್ಲೂ ದೀಪ ಹಚ್ತೀಯಂತೆ. ನಿಂಗೆ ಮಡಿ ಮೇಲೆ ನಂಬಿಕೆ ಇದೆಯೋ ಇಲ್ವೋ?"

ಇದೆ. ಹಚ್ಚುತ್ತೇನೆ. ಆ 'ಅಂತೆ' ಬಿಟ್ಟುಬಿಡಿ, ನಿಮಗೆ ಯಾರು ಹೇಳಿದರು ಅಂತ ನನಗೆ ಗೊತ್ತು.

ಮಡಿ ನನಗೆ ಅರ್ಥವಾಗುತ್ತದೆ. ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಗಳುವಿನ ಮೇಲೆ ಒಣಹಾಕಿದ್ದ ಸೀರೆಯನ್ನು ಕೋಲಿನಿಂದ ಎಳೆದುಕೊಂಡು ಉಟ್ಟರೆ ಮಡಿ. ಮಗ ಓಡಿ ಬಂದು ತಬ್ಬಿಕೊಂಡರೆ ಹೋಯಿತು. ಮತ್ತೆ ನಾಲ್ಕು ಚೊಂಬು ನೀರು ಹಾಕಿಕೊಂಡರೆ ಮತ್ತೆ ಮಡಿ. ಗಂಡಸರಿಗೂ ಇದೇ ನಿಯಮ. ಮುಟ್ಟಿನ ಮೈಲಿಗೆ ಮಾತ್ರ ನೀರಿಗೆ ಹೋಗುವುದಿಲ್ಲ, ದಿನ ಎಣಿಸಬೇಕು. ಮೂರು ದಿನ ಹೊರಗೆ, ನಾಲ್ಕನೇ ದಿನ ತಲೆಗೆ ಸ್ನಾನ, ಐದನೇ ದಿನ ದೇವರ ಕೆಲಸ. ನನ್ನನ್ನು ಕೆಡಿಸಿದ್ದು ಈ ಎಣಿಕೆ.

ಮದುವೆಯಾದ ಎರಡನೇ ವರ್ಷ, ಮಂಡ್ಯದ ಅತ್ತೆ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ. ನನ್ನ ದಿನವೂ ಅದೇ ಶುಕ್ರವಾರಕ್ಕೆ ಬೀಳುವುದರಲ್ಲಿತ್ತು. ಓರಗಿತ್ತಿ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಮಾತ್ರೆ ತಂದುಕೊಟ್ಟಳು. ಚೀಟಿ ಗೀಟಿ ಏನೂ ಇಲ್ಲ. ನಾರ್‌ಎಥಿಸ್ಟೆರೋನ್, 5 ಮಿಲಿಗ್ರಾಂ, ದಿನಕ್ಕೆ ಮೂರು. ಅದನ್ನು ಮುಟ್ಟಿನ ದಿನಕ್ಕಿಂತ 3 ದಿನ ಮೊದಲೇ, ಅಂದರೆ ಮಂಗಳವಾರವೇ ಶುರು ಮಾಡಬೇಕಿತ್ತು. ನಾನು ಮೊದಲ ಮಾತ್ರೆ ನುಂಗಿದ್ದು ಗುರುವಾರ ಬೆಳಿಗ್ಗೆ. ಗರ್ಭಕೋಶದ ಒಳಪದರ ಆಗಲೇ ಉದುರಲು ತಯಾರಾಗಿ ಕೂತಿದ್ದರೆ ಮಾತ್ರೆ ತಾನೇ ಏನು ಮಾಡೀತು?

ಶುಕ್ರವಾರ ಐದಕ್ಕೆಲ್ಲ ಎದ್ದು ತಲೆಗೆ ಸ್ನಾನ ಮಾಡಿ, ಕಲಶಕ್ಕೆ ಅಕ್ಕಿ ತುಂಬಿ, ತೆಂಗಿನಕಾಯಿ ಇಟ್ಟು, ಬೆಳ್ಳಿ ಮುಖ ಕಟ್ಟಿ, ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಆಗ ಒಂದು ಕಲೆ ಕಂಡಿತು. ಒಂದೇ ಒಂದು. ನೆರಿಗೆಯನ್ನು ಓರಗಿತ್ತಿಯ ಕೈಗೆ ಕೊಟ್ಟು ಹಿತ್ತಿಲ ಕಡೆ ಹೋಗಿ ಕೂತೆ. ಸಿಟ್ಟಿನಲ್ಲಿ ಮಾತ್ರೆಯನ್ನೂ ನಿಲ್ಲಿಸಿದೆ.

ಈ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ನನಗೆ ಭಾನುವಾರ ಮಧ್ಯಾಹ್ನ ಸರಿಯಾಗಿ ಶುರುವಾಯಿತು. ಅತ್ತೆಯ ಲೆಕ್ಕ ಮಾತ್ರ ಅಲುಗಾಡಲಿಲ್ಲ. "ಶುಕ್ರವಾರ ಕಂಡಿದ್ದೇ ಮೊದಲ್ನೇ ದಿನ ಕಣಮ್ಮಾ. ಸೋಮವಾರ ತಲೆಗೆ ನೀರು ಹಾಕ್ಕೊ" ಅಂದರು. ಮಾವ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. 'ಅಯ್ಯೋ ಅತ್ತೆ, ಈಗ ಜಾಸ್ತಿ ಹೋಗ್ತಿದೆ' ಅಂತ ಬಾಯಿ ಬಿಡಲಿಕ್ಕಾಗುತ್ತದಾ? ಸುಮ್ನೆ ಸ್ನಾನ ಮಾಡಿದೆ. ಮಂಗಳವಾರ, ಅಂದರೆ ಅವರ ಐದನೇ ದಿನ, ನನ್ನ ಕೈಯಲ್ಲೇ ದೀಪ ಹಚ್ಚಿಸಿದರು. ಮಾವ ಮಂಗಳಾರತಿ ತೆಗೆದುಕೊಂಡರು. ಒಂದು ಕಲೆಗೆ ಶುಕ್ರವಾರ ಹೊರಗೆ ಕೂತವಳು, ಮೈಯೆಲ್ಲ ನೋಯುತ್ತಿದ್ದ ಮಂಗಳವಾರ ಮಡಿ. ಏನೂ ಆಗಲಿಲ್ಲ. ಹಾಲು ಉಕ್ಕಿ ಒಲೆ ಗಲೀಜಾಯಿತು, ಆದರೆ ಅದು ಬೇರೆ ದಿನವೂ ಆಗುತ್ತಿತ್ತು.

ಆವತ್ತಿನಿಂದ ನಾನು ಎಣಿಸುವುದಿಲ್ಲ. ಸ್ನಾನ ಆದರೆ ದೀಪ.

ಇದಕ್ಕೆ ಕೆಲವರು ಜಾಣತನದ ಉತ್ತರ ಕೊಡುತ್ತಾರೆ. "ಹೆಂಗಸರಿಗೆ ರೆಸ್ಟ್ ಸಿಗಲಿ, ಶುಚಿ ಇರಲಿ ಅಂತ ಹಿರಿಯರು ಮಾಡಿದ್ದು." ತೈತ್ತಿರೀಯ ಸಂಹಿತೆ ಹೇಳುವುದು ಬೇರೆ. ಇಂದ್ರ ದೇವತೆಗಳ ಪುರೋಹಿತ ವಿಶ್ವರೂಪನನ್ನು ಕೊಂದ. ಆ ಬ್ರಹ್ಮಹತ್ಯೆಯನ್ನು ಭೂಮಿ, ಮರ, ಹೆಂಗಸರು ಮೂರು ಪಾಲು ಮಾಡಿ ಹೊತ್ತುಕೊಂಡರು. ಹೆಂಗಸರ ಪಾಲು ಮುಟ್ಟಾಯಿತು. ಆ ಮೂರು ರಾತ್ರಿ ಅವಳು ಸ್ನಾನ ಮಾಡಬಾರದು, ಮಾಡಿದರೆ ಹುಟ್ಟುವ ಮಗು ನೀರಲ್ಲಿ ಸಾಯುತ್ತದಂತೆ. ಹಲ್ಲುಜ್ಜಬಾರದು, ಉಗುರು ಕತ್ತರಿಸಬಾರದು. ಸ್ನಾನವೇ ಬೇಡ ಅಂದಮೇಲೆ ಶುಚಿ ಎಲ್ಲಿಂದ ಬಂತು? ಇನ್ನು ರೆಸ್ಟ್. ನಮ್ಮಮ್ಮ ಹೊರಗೆ ಕೂತಾಗ ಮನೆಯ ಕಂಬಳಿಗಳನ್ನೆಲ್ಲ ಒಗೆಯುವ ಸರದಿ ಅವಳದೇ. ಹೇಗೂ ಮೈಲಿಗೆ, ಅಲ್ವಾ?

ಇಲ್ಲಿ ಮೈಸೂರಿನಲ್ಲಿ ನನ್ನ ಪಕ್ಕದ ಮನೆಯಾಕೆ ಲಿಂಗಾಯತರು. ಎಲ್ಲ ದಿನವೂ ಮಿಂದು ಲಿಂಗಪೂಜೆ ಮಾಡುತ್ತಾರೆ. ಪಂಚಸೂತಕ ಬೇಡ ಅಂದವರಲ್ಲವೇ ಶರಣರು, ಅದರಲ್ಲಿ ರಜಸ್ಸೂತಕವೂ ಸೇರಿದೆ. ಮಡಿ ಬಿಟ್ಟಿದ್ದೀಯಾ ಅಂತ ಆಕೆಯನ್ನು ಯಾರೂ ಕೇಳುವುದಿಲ್ಲ. ನನ್ನನ್ನೇ ಕೇಳುತ್ತೀರಿ.

ಕೇಳುವುದೇ ಆದರೆ ಇದನ್ನು ಕೇಳಿ: ಆ ಮಾತ್ರೆ ಕೊಡುವಾಗ ನಿನಗೆ ಬೇರೆ ಏನಾದರೂ ಕಾಯಿಲೆ ಇದೆಯಾ ಅಂತ ಒಬ್ಬರಾದರೂ ವಿಚಾರಿಸಿದರಾ? ಇಲ್ಲ. ಅಂಗಡಿಯವನೂ ಇಲ್ಲ, ಓರಗಿತ್ತಿಯೂ ಇಲ್ಲ. ವರ್ಷಗಳ ಮೇಲೆ ಡಾಕ್ಟರ್ ಒಬ್ಬರು ಬಿಡಿಸಿ ಹೇಳಿದರು. ಈ ಮಾತ್ರೆಯ ಸ್ವಲ್ಪ ಅಂಶ ಮೈಯೊಳಗೆ ಈಸ್ಟ್ರೋಜನ್ ಆಗುತ್ತದೆ. ಹಿಂದೆ ಎಂದಾದರೂ ರಕ್ತ ಹೆಪ್ಪುಗಟ್ಟಿದ್ದವರು ಇದರ ಹತ್ತಿರ ಹೋಗಬಾರದು. ಕಣ್ಮುಂದೆ ಮಿಂಚು ಹೊಡೆದು ಅರೆತಲೆನೋವು ಬರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಇದನ್ನು ಓರಗಿತ್ತಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಮಿಂಚು ನಂಗೆ ಬರುತ್ತಲ್ಲೇ" ಅಂದಳು. ಎಂಟು ಶ್ರಾವಣದಿಂದ ಅವಳು ಆ ಮಾತ್ರೆ ನುಂಗುತ್ತಿದ್ದಳು.