7 ಇದ್ದರೂ ಜುಲೈ ಅಲ್ಲ

ಇವತ್ತು ಬೆಳಿಗ್ಗೆಯೆಲ್ಲಾ ಬರೀ ತಾರೀಖು ಓದುವುದರಲ್ಲೇ ಹೋಯಿತು.

ವೆನಿಸ್‌ನ ಹಳೇ ಕಾಗದಗಳು, ಇಂಗ್ಲಿಷಿಗೆ ತರಬೇಕು. ಒಂದರ ಮೇಲೆ 18, ಆಮೇಲೆ 7, ಅದಕ್ಕಂಟಿ ಪುಟ್ಟದಾಗಿ ‘ಬ್ರೆ’, 1768. ಜುಲೈ ಅನ್ನಿಸುತ್ತದೆ ಅಲ್ವಾ? ಅಲ್ಲ. ಇಟಾಲಿಯನ್‌ನಲ್ಲಿ ಏಳು ಅಂದರೆ ಸೆತ್ತೆ. ಅದಕ್ಕೆ ಬ್ರೆ ಸೇರಿದರೆ ಸೆತ್ತೆಂಬ್ರೆ, ಅಂದರೆ ಸೆಪ್ಟೆಂಬರ್. 8 ಇದ್ದರೆ ಅಕ್ಟೋಬರ್. ಕೆಳಗೆ ದ್ರಾಕ್ಷಿ ಕೊಯ್ಲು ಶುರುವಾದ ಮಾತೂ ಇತ್ತು. ಜುಲೈನಲ್ಲಿ ಎಲ್ಲಿಯ ಕೊಯ್ಲು?

ಅದಕ್ಕೆ ಬಂದ ಉತ್ತರದ ಮೇಲೆ ‘ಜೆನಾರೊ 1768’. ಜನವರಿಯನ್ನು ಆಗ ಅಲ್ಲಿ ಹಾಗೆ ಬರೆಯುತ್ತಿದ್ದರು. ಸೆಪ್ಟೆಂಬರಿನ ಕಾಗದಕ್ಕೆ ಅದೇ ವರ್ಷದ ಜನವರಿಯಲ್ಲಿ ಉತ್ತರ ಹೇಗೆ ಬಂತು?

ವರ್ಷದ ಪಕ್ಕದಲ್ಲೇ ಎರಡು ಸಣ್ಣ ಅಕ್ಷರ, ‘ಎಂ.ವಿ.’ ಮೋರೆ ವೆನೆಟೊ, ಅಂದರೆ ವೆನಿಸ್‌ನ ಪದ್ಧತಿ. ಆಗ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 1ಕ್ಕೆ. ಹಾಗಾಗಿ ಅವರ ಜನವರಿ 1768 ನಮಗೆ 1769. ಇಂಗ್ಲಿಷಿನಲ್ಲಿ 1769 ಅಂತಲೇ ಬರೆದೆ, ಮೂಲದಲ್ಲಿದ್ದದ್ದನ್ನು ಅಡಿಟಿಪ್ಪಣಿಯಲ್ಲಿ ಹಾಗೇ ಇಟ್ಟೆ.

ಆ ಎರಡು ಅಕ್ಷರ ಇಲ್ಲದ ಕಾಗದಗಳೂ ಇರುತ್ತವೆ. ಆಗ ಜನವರಿ, ಫೆಬ್ರವರಿಯವನ್ನು ಒಂಟಿಯಾಗಿ ನಂಬುವ ಹಾಗಿಲ್ಲ. ಹಿಂದಿನ, ಮುಂದಿನ ಕಾಗದಗಳ ಜೊತೆ ಇಟ್ಟೇ ವರ್ಷ ಹೇಳಬೇಕು.